ಉತ್ತರ ಬಾರದ ಶುಭಾಶಯ: ಕಾಯುವುದೆಷ್ಟು, ಕೇಳುವುದು ಹೇಗೆ?

ದೀಪಾವಳಿ ಮುಗಿದು ನಾಲ್ಕು ದಿನ ಕಳೆದಿರುತ್ತದೆ. ಅಂಗಳದ ಹಣತೆಗಳು ಅಟ್ಟ ಸೇರಿವೆ, ಬಲೀಂದ್ರನ ಪೂಜೆಯ ಹೂವು ಬಾಡಿದೆ. ಆದರೆ ಹಬ್ಬದ ದಿನ ಬೆಳಿಗ್ಗೆ ಎದ್ದು, ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿ ಕಳುಹಿಸಿದ ಶುಭಾಶಯಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಇಂತಹ ಅನುಭವವಿಲ್ಲದ ಮನೆಗಳು ಕಡಿಮೆ. ಮಗನೊಬ್ಬ ಬೆಂಗಳೂರಿನಲ್ಲಿ, ಅಳಿಯ ದುಬೈಯಲ್ಲಿ, ದೊಡ್ಡಮ್ಮನ ಮಗ ಮುಂಬಯಿಯ ಹೋಟೆಲಿನಲ್ಲಿ ಎಂಬಂತೆ ಸಂಸಾರಗಳು ಹಂಚಿಹೋಗಿರುವ ಸೀಮೆ ಇದು. ಇಲ್ಲಿ ಹಬ್ಬದ ಒಂದು ಸಾಲು ಬರಿಯ ಉಪಚಾರವಲ್ಲ. ಸಂಬಂಧ ಇನ್ನೂ ಜೀವಂತವಾಗಿದೆಯೇ ಎಂದು ಕೇಳುವ ಪ್ರಶ್ನೆಯೂ ಹೌದು.

ಉತ್ತರ ಬಾರದಿದ್ದಾಗ ಮನಸ್ಸು ಎರಡು ತಪ್ಪುಗಳ ನಡುವೆ ಓಲಾಡುತ್ತದೆ. ಮರುದಿನವೇ ಮತ್ತೆ ಕೇಳಿದರೆ ಪೀಡಿಸಿದಂತಾಗುತ್ತದೆ. ಅಭಿಮಾನದಿಂದ ಸುಮ್ಮನಿದ್ದುಬಿಟ್ಟರೆ ಒಂದು ವರ್ಷದ ಮೌನ ಹತ್ತು ವರ್ಷದ ಮೌನವಾಗಿ ಬೆಳೆಯುತ್ತದೆ. 'ಮೌನಂ ಸಮ್ಮತಿ ಲಕ್ಷಣಂ' ಎಂಬ ಹಳೆಯ ಮಾತು ಇಲ್ಲಿ ಕೆಲಸಕ್ಕೆ ಬಾರದು. ಉತ್ತರ ಬಾರದ ಶುಭಾಶಯದ ಮೌನ ಸಮ್ಮತಿಯೂ ಅಲ್ಲ, ಸಿಟ್ಟೂ ಅಲ್ಲ. ಅದು ಏನೆಂದು ತಿಳಿಯುವವರೆಗೆ ಅದಕ್ಕೆ ಅರ್ಥವೇ ಇಲ್ಲ. ಹಾಗಾದರೆ ಎಷ್ಟು ದಿನ ಕಾಯಬೇಕು? ಮತ್ತೆ ಕೇಳುವಾಗ ಏನು ಹೇಳಬೇಕು? ಈ ಪ್ರಶ್ನೆ ಹೊಸದಲ್ಲ. ಕಾಗದದ ಕಾಲದವರು ಇದಕ್ಕೆ ಒಂದು ಲೆಕ್ಕ ಇಟ್ಟುಕೊಂಡಿದ್ದರು.

ಟಪಾಲಿನ ಲೆಕ್ಕ

ಭಾರತದಲ್ಲಿ ಅಂಚೆ ಕಾರ್ಡು ಬಂದದ್ದು 1879ರ ಜುಲೈ 1ರಂದು. ಬೆಲೆ ಕಾಲಾಣೆ. ಇನ್‌ಲ್ಯಾಂಡ್ ಲೆಟರ್ ಬಂದದ್ದು 1950ರಲ್ಲಿ. ಊರಿನಿಂದ ಮುಂಬಯಿಗೆ ಹೋದವರ ಮತ್ತು ಊರಲ್ಲಿ ಉಳಿದವರ ನಡುವಿನ ಮಾತೆಲ್ಲ ಬಹುಕಾಲ ಈ ಎರಡರಲ್ಲೇ ನಡೆಯಿತು. ಕಾಗದ ಬರೆದವರಿಗೆ ಕಾಯುವ ಅವಧಿಯನ್ನು ಅಂದಾಜು ಮಾಡುವುದು ಕಷ್ಟವಿರಲಿಲ್ಲ. ಕಾಗದ ಹೋಗಲು ಐದು ದಿನ, ಬರಲು ಐದು ದಿನ ಎಂದಿಟ್ಟುಕೊಳ್ಳಿ. ಓದಿದವನು ಭಾನುವಾರದ ಬಿಡುವು ನೋಡಿ ಬರೆಯಲು ಇನ್ನೊಂದು ವಾರ. ಒಟ್ಟು ಹದಿನೇಳು ದಿನ. ಅದಕ್ಕಿಂತ ಮೊದಲು ಚಿಂತಿಸುವುದರಲ್ಲಿ ಅರ್ಥವಿಲ್ಲ. ಮಳೆಗಾಲವಾದರೆ ಇನ್ನೂ ಕೆಲವು ದಿನ ಸೇರಿಸಬೇಕು.

ಈ ಲೆಕ್ಕದಲ್ಲಿ ಗಮನಿಸಬೇಕಾದ ಅಂಶವೆಂದರೆ ಅದು ಮೂರು ಭಾಗಗಳಿಂದ ಆಗಿದೆ: ಹೋಗುವ ಹೊತ್ತು, ಬರೆಯಲು ಬೇಕಾದ ಬಿಡುವು, ಬರುವ ಹೊತ್ತು. ಮೊಬೈಲು ಬಂದ ಮೇಲೆ ಮೊದಲನೆಯದೂ ಮೂರನೆಯದೂ ಸೊನ್ನೆಯಾದವು. ಆದರೆ ನಡುವಿನ ಬಿಡುವು ಹಾಗೆಯೇ ಉಳಿದಿದೆ. ಸಂದೇಶ ಕ್ಷಣದಲ್ಲಿ ತಲುಪುತ್ತದೆಯಾದ್ದರಿಂದ ಉತ್ತರವೂ ಕ್ಷಣದಲ್ಲಿ ಬರಬೇಕೆಂದು ನಿರೀಕ್ಷಿಸುವುದೇ ಇಂದಿನ ಬೇಸರದ ಮೂಲ. ಮುಂಬಯಿಯ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕುಳಿತವನ ಭಾನುವಾರ ಮೊಬೈಲಿನಿಂದಾಗಿ ಬೇಗ ಬರುವುದಿಲ್ಲ.

ಮತ್ತೆ ಕೇಳುವ ರೀತಿಯನ್ನೂ ಕಾಗದದ ಭಾಷೆ ರೂಢಿ ಮಾಡಿಕೊಂಡಿತ್ತು. 'ಹಿಂದೆ ಬರೆದ ಕಾಗದ ಕೈಸೇರಿರಬಹುದೆಂದು ನಂಬಿದ್ದೇನೆ' ಎಂದು ಎರಡನೆಯ ಕಾಗದ ಆರಂಭವಾಗುತ್ತಿತ್ತು. ಆ ಸಾಲಿನಲ್ಲಿ ದೂರು ಇಲ್ಲ. ಉತ್ತರ ಬರೆಯದ ತಪ್ಪು ಇದ್ದರೆ ಅದನ್ನು ಅದು ಅಂಚೆಯ ತಲೆಗೆ ಕಟ್ಟುತ್ತದೆ. ಓದಿದವನು ಮುಜುಗರಪಡದೆ 'ಕಾಗದ ತಲುಪಿತು, ಕೆಲಸದ ಗಡಿಬಿಡಿಯಲ್ಲಿ ತಡವಾಯಿತು' ಎಂದು ಬರೆಯಬಹುದು. ಸಿಕ್ಕಿಬಿದ್ದವನಿಗೆ ಹೊರಬರಲು ಬಾಗಿಲು ತೆರೆದಿಡುವುದೇ ಇದರ ಜಾಣ್ಮೆ.

ಅಂಚೆ ಇಲಾಖೆಯಲ್ಲಿ ಜವಾಬಿ ಕಾರ್ಡು ಎಂಬ ಇನ್ನೊಂದು ಉಪಾಯವೂ ಇತ್ತು. ಎರಡು ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಒಂದರಲ್ಲಿ ಬರೆದು ಕಳುಹಿಸಿದರೆ, ಪಡೆದವರು ಇನ್ನೊಂದನ್ನು ಹರಿದು ಉತ್ತರ ಬರೆದು ಹಾಕಬಹುದಿತ್ತು. ಅದರ ಖರ್ಚನ್ನು ಕಳುಹಿಸಿದವರೇ ಮೊದಲೇ ಕೊಟ್ಟಿರುತ್ತಿದ್ದರು. ದೇಶದಿಂದ ದೇಶಕ್ಕೆ ಇದೇ ಕೆಲಸವನ್ನು 1907ರಿಂದ ಅಂತಾರಾಷ್ಟ್ರೀಯ ಜವಾಬು ಕೂಪನ್ನು ಮಾಡಿತು. ಉತ್ತರ ಬೇಕಾದವರು ಉತ್ತರಿಸುವ ಶ್ರಮವನ್ನು ತಾವೇ ಕಡಿಮೆ ಮಾಡಿಕೊಡಬೇಕೆಂಬ ತತ್ವ ಇದರಲ್ಲಿದೆ. ಇದು ಇಂದಿಗೂ ಸಲ್ಲುವ ತತ್ವ.

ಇದಕ್ಕೆ ಹೊರತಾದುದು ಶುಭಾಶಯ ತಂತಿ. ಮದುವೆಗೆ ಹೋಗಲಾಗದವರು ಅಂಚೆ ಕಚೇರಿಗೆ ಹೋಗಿ, ಸಿದ್ಧವಾಗಿದ್ದ ಶುಭಾಶಯ ವಾಕ್ಯಗಳ ಪಟ್ಟಿಯಿಂದ ಒಂದರ ಅಂಕೆಯನ್ನು ಆರಿಸಿಕೊಟ್ಟರೆ ಸಾಕಿತ್ತು. ಅದಕ್ಕೆ ಮರುತಂತಿ ಬರಬೇಕೆಂದು ಯಾರೂ ಕಾಯುತ್ತಿರಲಿಲ್ಲ. ದೇಶದ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಆದರೆ ಅದು ಕಲಿಸಿದ ಭೇದ ನೆನಪಿಡತಕ್ಕದ್ದು. ಸಿದ್ಧ ವಾಕ್ಯದ ಶುಭಾಶಯಕ್ಕೆ ಉತ್ತರ ಕಡ್ಡಾಯವಲ್ಲ. ಹೆಸರು ಹಿಡಿದು ಬರೆದ ಕಾಗದಕ್ಕೆ ಮಾತ್ರ ಉತ್ತರ ಬೇಕು.

ಗೆರೆಗಳು ಹೇಳುವುದು, ಹೇಳದಿರುವುದು

ಇಂದು ಹೆಚ್ಚಿನ ಶುಭಾಶಯಗಳು ಹೋಗುವುದು ವಾಟ್ಸಾಪಿನಲ್ಲಿ. ಮತ್ತೆ ಕೇಳುವ ಮೊದಲು ಸಂದೇಶದ ಕೆಳಗಿನ ಗುರುತನ್ನು ಸರಿಯಾಗಿ ಓದಬೇಕು. ಒಂದೇ ಬೂದು ಗೆರೆಯಿದ್ದರೆ ಸಂದೇಶ ಕಳುಹಿಸಿದವರ ಫೋನಿನಿಂದ ಹೊರಟಿದೆ, ಅವರ ಫೋನಿಗೆ ಸೇರಿಲ್ಲ. ಎರಡು ಬೂದು ಗೆರೆಗಳಿದ್ದರೆ ಫೋನಿಗೆ ಸೇರಿದೆ. ಎರಡೂ ನೀಲಿಯಾದರೆ ಅದನ್ನು ತೆರೆಯಲಾಗಿದೆ. ನೀಲಿ ಗುರುತು ಬಂದದ್ದು 2014ರ ನವೆಂಬರಿನಲ್ಲಿ. ಇಬ್ಬರಲ್ಲಿ ಯಾರೊಬ್ಬರು ಈ ಸೌಲಭ್ಯವನ್ನು ನಿಲ್ಲಿಸಿಟ್ಟಿದ್ದರೂ ಅವರ ನಡುವಿನ ಸಂದೇಶಗಳಲ್ಲಿ ನೀಲಿ ಕಾಣಿಸುವುದಿಲ್ಲ. ಆದ್ದರಿಂದ ನೀಲಿ ಇಲ್ಲ ಎಂದರೆ ಓದಿಲ್ಲ ಎಂದು ಅರ್ಥವಲ್ಲ. ನೀಲಿಯಾಗಿದ್ದರೂ ಓದಿದವರು ಬಸ್ಸು ಹತ್ತುತ್ತಿದ್ದರೋ, ಮೊಮ್ಮಗುವಿನ ಕೈಗೆ ಫೋನು ಹೋಗಿತ್ತೋ ಹೇಳಲಾಗದು.

ಒಂದೇ ಗೆರೆ ದಿನಗಟ್ಟಲೆ ಉಳಿದರೆ ಕಾರಣ ಬೇರೆ ಕಡೆ ಹುಡುಕಬೇಕು. ಪಶ್ಚಿಮ ಘಟ್ಟದ ಬುಡದಲ್ಲಿರುವ ಬೆಳ್ತಂಗಡಿ ತಾಲೂಕಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿಯ ರಸ್ತೆ ಕುಸಿದು, ತಾಲೂಕಿನ ಹಲವು ಊರುಗಳಿಗೆ ನೀರು ನುಗ್ಗಿದಂತಹ ದಿನಗಳಲ್ಲಿ ಶುಭಾಶಯಕ್ಕೆ ಉತ್ತರ ಬರಲಿಲ್ಲವೆಂದು ಕೋಪಿಸಿಕೊಳ್ಳುವುದು ಹಾಸ್ಯಾಸ್ಪದವೇ ಸರಿ. ತಲುಪದ ಸಂದೇಶ ಮೂವತ್ತು ದಿನ ವಾಟ್ಸಾಪಿನ ಸರ್ವರಿನಲ್ಲಿ ಕಾದಿರುತ್ತದೆ, ಬಳಿಕ ಅಳಿಸಿಹೋಗುತ್ತದೆ. ಅಂದರೆ ಒಂದು ತಿಂಗಳ ನಂತರವೂ ಒಂದೇ ಗೆರೆಯಿದ್ದರೆ ಆ ಶುಭಾಶಯ ಇನ್ನು ತಲುಪುವುದೇ ಇಲ್ಲ. ಆಗ ಮತ್ತೆ ಬರೆಯುವುದು ಒತ್ತಾಯವಲ್ಲ, ಅದೇ ಮೊದಲ ಸಲ ಬರೆದಂತೆ.

ಎರಡು ಗೆರೆ ಬಿದ್ದರೂ ಮೋಸ ಹೋಗುವ ಸಂದರ್ಭವೊಂದಿದೆ. ಬಳಕೆ ನಿಂತು ರದ್ದಾದ ಮೊಬೈಲು ನಂಬರನ್ನು ತೊಂಬತ್ತು ದಿನಗಳ ನಂತರ ಬೇರೆಯವರಿಗೆ ಕೊಡಲಾಗುತ್ತದೆ. ಈ ವಿಷಯವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಗಲ್ಫಿಗೆ ಹೋದವರು ಊರಿನ ಸಿಮ್ಮಿಗೆ ಹಣ ತುಂಬಿಸುವುದನ್ನು ಮರೆತರೆ ಅವರ ಹೆಸರಿನಲ್ಲಿ ನಿಮ್ಮ ಫೋನಿನಲ್ಲಿರುವ ನಂಬರು ಅಪರಿಚಿತರ ಪಾಲಾಗಿರಬಹುದು. ಹೆಸರಿನ ಪಕ್ಕದ ಚಿತ್ರ ಬದಲಾಗಿ ಗುರುತಿಲ್ಲದ ಮುಖ ಕಾಣಿಸಿದರೆ ಸಂಶಯಪಡಬೇಕು.

ಕೊನೆಯದಾಗಿ, ಕಳುಹಿಸಿದ ರೀತಿಯನ್ನೂ ಪರೀಕ್ಷಿಸಬೇಕು. ಒಂದೇ ಸಲಕ್ಕೆ ನೂರು ಮಂದಿಗೆ ಬ್ರಾಡ್‌ಕಾಸ್ಟ್ ಮಾಡಿದ ಶುಭಾಶಯ, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ದೀಪದ ಚಿತ್ರವನ್ನು ಫಾರ್ವರ್ಡ್ ಮಾಡಿದ್ದರೆ, ಅದು ಅವರ ಫೋನಿಗೆ ಬಂದ ಹತ್ತಾರು ದೀಪಗಳಲ್ಲಿ ಒಂದು. ಅದು ಇಂದಿನ ಶುಭಾಶಯ ತಂತಿ. ಅದಕ್ಕೆ ಉತ್ತರ ಬರಲಿಲ್ಲವೆಂದು ಮತ್ತೆ ಕೇಳುವ ಹಕ್ಕು ಕಳುಹಿಸಿದವರಿಗೂ ಇಲ್ಲ.

ಪಂಚಾಂಗವೇ ದಾರಿ

ಹೆಸರು ಹಿಡಿದು ಬರೆದಿದ್ದರೆ, ಅದು ತಲುಪಿದ್ದರೆ, ಆಗ ಕಾಯುವ ಪ್ರಶ್ನೆ. ಎಲ್ಲರಿಗೂ ಒಂದೇ ಅವಧಿ ಹೇಳಲಾಗದು. ಅಳತೆಗೋಲು ಆ ವ್ಯಕ್ತಿಯ ಅಭ್ಯಾಸವೇ. ಹಿಂದಿನ ಸಲ ಅವರು ಎಷ್ಟು ದಿನದಲ್ಲಿ ಉತ್ತರಿಸಿದ್ದರು ಎಂದು ಫೋನಿನಲ್ಲೇ ಹಿಂದಕ್ಕೆ ಸರಿಸಿ ನೋಡಬಹುದು. ಅದರ ಎರಡರಷ್ಟು ದಿನ ಬಿಟ್ಟುಕೊಡುವುದು ನ್ಯಾಯ. ಹಬ್ಬದ ವಾರವಾದರೆ ಇನ್ನೂ ಒಂದೆರಡು ದಿನ. ಗಲ್ಫಿನಲ್ಲಿರುವವರ ಲೆಕ್ಕದಲ್ಲಿ ಗಂಟೆಯೂ ಸೇರುತ್ತದೆ. ಬಂಟ್ವಾಳದಲ್ಲಿ ಬೆಳಿಗ್ಗೆ ಆರು ಎಂದರೆ ದುಬೈಯಲ್ಲಿ ನಾಲ್ಕೂವರೆ, ಸೌದಿ, ಕುವೈತ್, ಕತಾರ್‌ಗಳಲ್ಲಿ ಮೂರೂವರೆ. ಆ ಹೊತ್ತಿಗೆ ಬಂದ ಸಂದೇಶ, ಅವರು ಏಳುವ ಹೊತ್ತಿಗೆ ಗುಂಪುಗಳ ಶುಭಾಶಯಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ವಾರದ ರಜೆಯೂ ಎಲ್ಲೆಡೆ ಒಂದೇ ಅಲ್ಲ. ಸಂಯುಕ್ತ ಅರಬ್ ಸಂಸ್ಥಾನದ ಸರ್ಕಾರಿ ಕಚೇರಿಗಳಿಗೆ 2022ರಿಂದ ಶನಿವಾರ ಮತ್ತು ಭಾನುವಾರ ರಜೆ. ಸೌದಿಯಲ್ಲಿ ಶುಕ್ರವಾರ ಮತ್ತು ಶನಿವಾರ. ಬಿಡುವಿನ ದಿನದ ಸಂಜೆಗೆ ಕಳುಹಿಸಿದ ಸಾಲು ಓದಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಅವಧಿ ಕಳೆದ ಮೇಲೆ ಮತ್ತೆ ಬರೆಯಲು ಒಂದು ನೆವ ಬೇಕು. 'ಉತ್ತರ ಬರಲಿಲ್ಲ' ಎಂಬುದು ಒಳ್ಳೆಯ ನೆವವಲ್ಲ. ಈ ಸೀಮೆಯ ಪಂಚಾಂಗ ಅದಕ್ಕಿಂತ ಒಳ್ಳೆಯ ನೆವಗಳನ್ನು ಸರಿಯಾದ ಅಂತರದಲ್ಲಿ ಇಟ್ಟುಕೊಟ್ಟಿದೆ. ನರಕ ಚತುರ್ದಶಿಗೆ ಕಳುಹಿಸಿದ ಶುಭಾಶಯಕ್ಕೆ ಉತ್ತರ ಬಾರದಿದ್ದರೆ ಸುಮಾರು ಹದಿಮೂರು ದಿನಗಳಿಗೆ ಕಾರ್ತಿಕ ಶುದ್ಧ ದ್ವಾದಶಿಯ ತುಳಸಿ ಪೂಜೆ ಬರುತ್ತದೆ. ಅಲ್ಲಿಂದ ಸುಮಾರು ಹದಿನೆಂಟು ದಿನಗಳಿಗೆ, ಕಾರ್ತಿಕ ಅಮಾವಾಸ್ಯೆಯ ಹೊತ್ತಿಗೆ, ಧರ್ಮಸ್ಥಳದಲ್ಲಿ ಲಕ್ಷದೀಪೋತ್ಸವ. ಎರಡು ವಾರ, ಒಂದು ತಿಂಗಳು: ಪುನಃ ನೆನಪಿಸಲು ಇದಕ್ಕಿಂತ ಸಹಜವಾದ ಅಂತರ ಸಿಗದು. ಉಳಿದ ಸಮುದಾಯಗಳಲ್ಲೂ ಹೀಗೆಯೇ. ರಂಜಾನಿನ ಈದಿಗೆ ಉತ್ತರಿಸದವರಿಗೆ ಎರಡು ತಿಂಗಳು ಚಿಲ್ಲರೆ ದಿನಗಳಿಗೆ ಬಕ್ರೀದ್ ಬರುತ್ತದೆ. ಕ್ರಿಸ್‌ಮಸ್ಸಿನ ಶುಭಾಶಯ ಮರೆತವರಿಗೆ ಒಂದೇ ವಾರಕ್ಕೆ ಹೊಸ ವರ್ಷ. ಮೂಡುಬಿದಿರೆ ಜೈನಕಾಶಿ ಎನಿಸಿಕೊಂಡ ಊರು. ದಿಗಂಬರ ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಕ್ಷಮಾವಣಿಯಂದು ವರ್ಷದಲ್ಲಿ ಆದ ತಪ್ಪಿಗೆ ಪರಸ್ಪರ ಕ್ಷಮೆ ಕೇಳುವ ಕ್ರಮವಿದೆ. ನಿಂತುಹೋದ ಮಾತನ್ನು ಮತ್ತೆ ಆರಂಭಿಸಲು ಆ ದಿನ ಕಾರಣ ಹೇಳುವ ಅಗತ್ಯವೇ ಇರುವುದಿಲ್ಲ.

ಒಂದು ಉದಾಹರಣೆ

ಈ ಲೆಕ್ಕ ನಡೆಯುವ ಬಗೆಯನ್ನು ಒಂದು ಕಲ್ಪಿತ ಸಂದರ್ಭದಲ್ಲಿ ನೋಡೋಣ. ಮೂಡುಬಿದಿರೆ ಸಮೀಪದ ಶಿರ್ತಾಡಿಯ ಗೃಹಿಣಿಯೊಬ್ಬರು ಮುಂಬಯಿಯಲ್ಲಿ ಕ್ಯಾಂಟೀನು ನಡೆಸುವ ದೊಡ್ಡಮ್ಮನ ಮಗನಿಗೆ ನರಕ ಚತುರ್ದಶಿಯ ಬೆಳಿಗ್ಗೆ ಬರೆಯುತ್ತಾರೆ: 'ಅಣ್ಣಾ, ನಿಮಗೂ ಅತ್ತಿಗೆಗೂ ಮಕ್ಕಳಿಗೂ ದೀಪಾವಳಿಯ ಶುಭಾಶಯ. ಈ ಸಲ ಊರಿಗೆ ಬರುತ್ತೀರಾ?' ಸಂಜೆಯೊಳಗೆ ಎರಡು ಗೆರೆ ಬೀಳುತ್ತದೆ. ನೀಲಿಯಾಗುವುದಿಲ್ಲ.

ಮೊದಲ ಮೂರು ದಿನ ಆಕೆ ಏನೂ ಮಾಡಬೇಕಾಗಿಲ್ಲ. ಹಬ್ಬದ ದಿನಗಳಲ್ಲಿ ಕ್ಯಾಂಟೀನಿನವರಿಗೆ ಬಿಡುವಿರದು. ಹಿಂದಿನ ವರ್ಷದ ಸಂದೇಶ ತೆಗೆದು ನೋಡಿದರೆ ಅಣ್ಣ ಮೂರನೆಯ ದಿನ ಉತ್ತರಿಸಿದ್ದಾರೆ. ಎರಡರಷ್ಟು ಎಂದರೆ ಆರು ದಿನ, ಹಬ್ಬಕ್ಕೆಂದು ಇನ್ನೆರಡು. ಎಂಟನೆಯ ದಿನವೂ ಉತ್ತರವಿಲ್ಲ.

ಈಗ ಆಕೆ ಮಾಡಬೇಕಾದ ಮೊದಲ ಕೆಲಸ ಅಣ್ಣನಿಗೆ ಬರೆಯುವುದಲ್ಲ, ಕಲ್ಲಡ್ಕದ ಚಿಕ್ಕಮ್ಮನಿಗೆ ಫೋನು ಮಾಡುವುದು. ಈ ಹೆಜ್ಜೆಯನ್ನು ಬಿಟ್ಟವರು ದೊಡ್ಡ ತಪ್ಪು ಮಾಡುತ್ತಾರೆ. ಹತ್ತಿರದವರು ತೀರಿಕೊಂಡ ವರ್ಷ ಅನೇಕ ಮನೆಗಳಲ್ಲಿ ಹಬ್ಬ ಆಚರಿಸುವುದಿಲ್ಲ. ಅಂತಹ ಮನೆಗೆ ಎರಡನೆಯ ಸಲ 'ದೀಪಾವಳಿಯ ಶುಭಾಶಯ ಸಿಕ್ಕಿತೇ?' ಎಂದು ಕೇಳಿದರೆ ಗಾಯದ ಮೇಲೆ ಬರೆ ಎಳೆದಂತೆ. ಫೋನಿನಲ್ಲಿಯೂ 'ಅಣ್ಣ ನನಗೆ ಉತ್ತರವೇ ಕೊಡುವುದಿಲ್ಲ' ಎಂದು ದೂರಬಾರದು. ದೂರು ಮುಂಬಯಿ ಮುಟ್ಟುವಾಗ ನಾಲ್ಕು ಪಟ್ಟು ಬೆಳೆದಿರುತ್ತದೆ. 'ಮುಂಬಯಿಯಲ್ಲಿ ಎಲ್ಲ ಕ್ಷೇಮವೇ?' ಎಂದು ಕೇಳಿದರೆ ಸಾಕು.

ಅತ್ತಿಗೆಗೆ ಶಸ್ತ್ರಚಿಕಿತ್ಸೆಯಾಗಿದೆ ಎಂದು ಚಿಕ್ಕಮ್ಮ ಹೇಳಿದರು ಎಂದುಕೊಳ್ಳಿ. ಆಗ ಕಾಯುವ ಲೆಕ್ಕ ಮುಗಿಯಿತು. ಅಂದೇ ಬರೆಯಬೇಕು, ಹಬ್ಬದ ಸುದ್ದಿಯೇ ಇಲ್ಲದೆ: 'ಅಣ್ಣಾ, ಅತ್ತಿಗೆಗೆ ಆಪರೇಷನ್ ಆಯಿತೆಂದು ಚಿಕ್ಕಮ್ಮ ಹೇಳಿದರು. ಬೇಗ ಗುಣವಾಗಲಿ. ಉತ್ತರ ಬರೆಯುವ ತೊಂದರೆ ಬೇಡ. ಏನಾದರೂ ಬೇಕಿದ್ದರೆ ಒಂದು ಮಿಸ್ಡ್ ಕಾಲ್ ಕೊಡಿ.' ಕೊನೆಯ ವಾಕ್ಯ ಇಂದಿನ ಜವಾಬಿ ಕಾರ್ಡು. ಉತ್ತರಿಸುವ ಶ್ರಮವನ್ನು ಅದು ಒಂದು ಗುಂಡಿ ಒತ್ತುವುದಕ್ಕೆ ಇಳಿಸಿದೆ.

ವಿಶೇಷವೇನೂ ಇಲ್ಲವೆಂದು ಗೊತ್ತಾದರೆ, ತುಳಸಿ ಪೂಜೆಯವರೆಗೆ ಸುಮ್ಮನಿದ್ದು ಅಂದು ಬರೆಯಬಹುದು: 'ಅಣ್ಣಾ, ಇವತ್ತು ತುಳಸಿ ಪೂಜೆ. ದೊಡ್ಡಮ್ಮ ನೆಲ್ಲಿಯ ಗೆಲ್ಲು ತಂದು ಕಟ್ಟೆಗೆ ಇಡುತ್ತಿದ್ದದ್ದು ನೆನಪಾಯಿತು. ಹಬ್ಬದ ಗಲಾಟೆಯಲ್ಲಿ ನನ್ನ ಸಂದೇಶ ಅಡಿಗೆ ಹೋಗಿರಬಹುದು. ಈ ಸಲ ಬರುವುದುಂಟಾ, ಇಲ್ಲವಾ?' ಇಲ್ಲಿ ಮೊದಲು ಹಂಚಿಕೊಳ್ಳುವ ನೆನಪು ಇದೆ. ಬಳಿಕ ತಡವಾದುದಕ್ಕೆ ನೆವವನ್ನು ಬರೆದವರೇ ಒದಗಿಸಿದ್ದಾರೆ. ಕೊನೆಗೆ ಒಂದೇ ಶಬ್ದದಲ್ಲಿ ಉತ್ತರಿಸಬಹುದಾದ ಪ್ರಶ್ನೆ. 'ಏನು ವಿಶೇಷ?' ಎಂದು ಕೇಳಿದರೆ ಉತ್ತರ ಬರೆಯಲು ಪುರುಸೊತ್ತು ಬೇಕು. 'ಉಂಟಾ, ಇಲ್ಲವಾ' ಎಂದು ಕೇಳಿದರೆ ಬೇಡ.

ಇದೇ ಸಂದರ್ಭದಲ್ಲಿ ಕೆಲಸ ಕೆಡಿಸುವ ಸಾಲುಗಳೂ ಉಂಟು. 'ನೋಡಿದರೂ ಉತ್ತರವಿಲ್ಲ', 'ದೊಡ್ಡವರಾದಿರಿ, ನಮ್ಮ ನೆನಪೆಲ್ಲಿ?' ಎಂಬಂಥವು. ಎದುರಿಗಿದ್ದು ನಗುತ್ತ ಹೇಳಿದರೆ ಇವು ಸಲುಗೆಯ ಮಾತುಗಳು. ಬರಹದಲ್ಲಿ ನಗು ಕಾಣಿಸುವುದಿಲ್ಲ, ಮೊನೆ ಮಾತ್ರ ಉಳಿಯುತ್ತದೆ. ಬರಿಯ ಪ್ರಶ್ನಾರ್ಥಕ ಚಿಹ್ನೆ ಕಳುಹಿಸುವುದು, ಅದೇ ಚಿತ್ರವನ್ನು ಪುನಃ ಕಳುಹಿಸುವುದು, ಮನೆಯವರೆಲ್ಲರ ಗುಂಪಿನಲ್ಲಿ ಹೆಸರು ಹಿಡಿದು ಕೇಳುವುದು ಇನ್ನೂ ಕೆಟ್ಟದು. ಹತ್ತು ಜನರ ಮುಂದೆ ಕೇಳಿದ ಪ್ರಶ್ನೆಗೆ ಮುಜುಗರವೇ ಉತ್ತರವಾಗುತ್ತದೆ.

ಕಾಯಬಾರದ ಮೌನ, ಬಿಡಬೇಕಾದ ಮೌನ

ಎಲ್ಲ ಮೌನಕ್ಕೂ ಈ ತಾಳ್ಮೆ ಸಲ್ಲದು. ಅಡಿಕೆ ತೋಟದ ನಡುವಿನ ದೊಡ್ಡ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇರುತ್ತಾರೆ, ಮಕ್ಕಳು ಪರವೂರಿನಲ್ಲಿ. ಪ್ರತಿ ಬೆಳಿಗ್ಗೆ ತಪ್ಪದೆ 'ಶುಭೋದಯ' ಕಳುಹಿಸುವ ಅಂತಹ ಮಾವನೋ ಅಜ್ಜಿಯೋ ಒಂದು ದಿನ ಕಳುಹಿಸದಿದ್ದರೆ ಅಂದೇ ವಿಚಾರಿಸಬೇಕು. ಅವರ ಅಭ್ಯಾಸವೇ ಅಳತೆಗೋಲು ಎಂದ ಮೇಲೆ ಅವರ ವಿಷಯದಲ್ಲಿ ಅವಧಿ ಒಂದೇ ದಿನ. ಮಧ್ಯಾಹ್ನದೊಳಗೆ ಫೋನು ಮಾಡಬೇಕು. ಎತ್ತದಿದ್ದರೆ ನೆರೆಮನೆಯವರಿಗೋ, ತೋಟದ ಕೆಲಸಕ್ಕೆ ಬರುವವರಿಗೋ ಹೇಳಿ ಹೋಗಿ ನೋಡಿಸಬೇಕು. ಅದಕ್ಕಾಗಿ ಆ ಇಬ್ಬರ ನಂಬರು ಮೊದಲೇ ಬರೆದಿಟ್ಟುಕೊಂಡಿರಬೇಕು. ಇಲ್ಲಿ ಮರ್ಯಾದೆಯ ಪ್ರಶ್ನೆ ಬರುವುದೇ ಇಲ್ಲ.

ಇನ್ನೊಂದು ಕೊನೆಯಲ್ಲಿ, ಎಷ್ಟು ಕಾದರೂ ಬಾರದ ಉತ್ತರವಿದೆ. ಎರಡು ಸಲ ಹೆಸರು ಹಿಡಿದು ಬರೆದು, ಎರಡೂ ತಲುಪಿ, ಆ ಮನೆಯಲ್ಲಿ ಎಲ್ಲ ಕ್ಷೇಮವೆಂದು ತಿಳಿದ ಮೇಲೂ ಮೌನವೇ ಇದ್ದರೆ ಮೂರನೆಯ ಸಂದೇಶದಿಂದ ಲಾಭವಿಲ್ಲ. ಬಹುಶಃ ಒಳಗೆ ಏನೋ ಇದೆ. ಪಾಲು ಪಟ್ಟಿಯ ಹಳೆಯ ಮಾತೋ, ಮದುವೆಗೆ ಮನೆಗೆ ಬಂದು ಹೇಳಿಕೆ ಕೊಡದೆ ಕಾಗದ ಮಾತ್ರ ಕಳುಹಿಸಿದ ಬೇಸರವೋ. ಅದು ಮೊಬೈಲಿನಲ್ಲಿ ಬಗೆಹರಿಯುವ ಸಂಗತಿಯಲ್ಲ. ಜಾತ್ರೆ, ನೇಮ, ಕಂಬಳ, ಮದುವೆಯ ಊಟದ ಪಂಕ್ತಿ, ಇಂತಹ ಕಡೆ ಎದುರಾಗುವ ಸಂದರ್ಭ ಈ ಸೀಮೆಯಲ್ಲಿ ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಆಗಲೂ ಉತ್ತರ ಬಾರದ ಸಂದೇಶದ ಸುದ್ದಿ ಎತ್ತಬಾರದು. 'ವನಸ್ ಆಂಡಾ?' ಎಂದರೆ ಸಾಕು. ಊಟ ಆಯಿತೇ ಎಂದು ಕೇಳಿದವರಿಗೆ ಉತ್ತರ ಕೊಡದೆ ಮುಂದೆ ಹೋಗುವುದು ತುಳುನಾಡಿನಲ್ಲಿ ಸುಲಭವಲ್ಲ.

ಮುಂದಿನ ದೀಪಾವಳಿಗೆ ಅವರಿಗೂ ಒಂದು ಸಾಲು ಬರೆಯಬಹುದು. ಹಳೆಯ ಲೆಕ್ಕ ಕೇಳದೆ, ಪ್ರಶ್ನೆ ಹಾಕದೆ, ಹೆಸರು ಹಿಡಿದು ಬರೆದ ಶುಭಾಶಯ. ವರ್ಷಕ್ಕೊಂದು ಸಾಲು ಯಾರಿಗೂ ಪೀಡೆಯಾಗದು, ಉತ್ತರಿಸುವ ಮನಸ್ಸು ಬಂದ ದಿನ ಅವರಿಗೆ ಬರೆಯಲು ಒಂದು ವಿಳಾಸವೂ ಉಳಿದಿರುತ್ತದೆ.